ಖೋ ಕೊಡುವ ಒಂದು ಪಾಠಕ್ಕೆ ಮೂರು ಕಲಿಕಾ ಉದ್ದೇಶ: ಅಳೆಯುವ ಹಾಗೆ ಬರೆಯುವುದು ಹೇಗೆ

"ವಿದ್ಯಾರ್ಥಿಗಳು ಖೋ-ಖೋ ಆಟದ ಕೌಶಲಗಳನ್ನು ತಿಳಿದುಕೊಳ್ಳುವರು. ಸಹಕಾರ ಹಾಗೂ ಕ್ರೀಡಾ ಮನೋಭಾವ ಬೆಳೆಸಿಕೊಳ್ಳುವರು." ದೈಹಿಕ ಶಿಕ್ಷಣದ ಪಾಠ ಯೋಜನೆಗಳಲ್ಲಿ ಇಂಥ ಎರಡು ಸಾಲು ಖಂಡಿತ ಇರುತ್ತವೆ. ಖೋ-ಖೋ ತೆಗೆದು ಕಬಡ್ಡಿ ಅಂತ ಬರೆದರೂ ನಡೆಯುತ್ತದೆ. ಪಾಠ ಮುಗಿದ ಮೇಲೆ ಈ ಸಾಲು ಹಿಡಿದುಕೊಂಡು ಮೈದಾನದಲ್ಲಿ ನಿಂತರೆ ಯಾವ ಹುಡುಗಿಗೆ ಬಂತು, ಯಾವ ಹುಡುಗನಿಗೆ ಬರಲಿಲ್ಲ ಎಂದು ಹೇಳಲು ಆಗುವುದಿಲ್ಲ. ತೊಂದರೆ ಇರುವುದು ಇಲ್ಲೇ.

ಉದ್ದೇಶ ಬರೆಯುವುದೆಂದರೆ ನಾಳೆ ಮೈದಾನದಲ್ಲಿ ಏನನ್ನು ನೋಡುತ್ತೇನೆ ಎಂದು ಇವತ್ತೇ ತೀರ್ಮಾನಿಸುವುದು. ಅದನ್ನು ಒಂದೇ ಪಾಠ ಇಟ್ಟುಕೊಂಡು ಪೂರ್ತಿ ಮಾಡಿ ನೋಡೋಣ. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆ ಅಂದುಕೊಳ್ಳಿ. ಏಳನೇ ತರಗತಿ, 32 ಮಕ್ಕಳು, 40 ನಿಮಿಷದ ಪಿರಿಯಡ್, ಖೋ-ಖೋದ ಎರಡನೇ ಪಾಠ. ಮೊದಲ ಪಾಠದಲ್ಲಿ ಕೂರುವುದು, ಏಳುವುದು ಆಗಿದೆ. ಇವತ್ತಿನದು ಖೋ ಕೊಡುವುದು.

ಮೊದಲು ಪಾಠವನ್ನು ಸಣ್ಣದು ಮಾಡಿ

40 ನಿಮಿಷದಲ್ಲಿ ಮಕ್ಕಳು ತರಗತಿಯಿಂದ ಹೊರಗೆ ಬಂದು, ಹಾಜರಿ ಆಗಿ, ಸಾಲು ನಿಲ್ಲುವಷ್ಟರಲ್ಲಿ ಏಳೆಂಟು ನಿಮಿಷ ಹೋಗಿರುತ್ತದೆ. ಮೈ ಬಿಸಿ ಮಾಡಲು ಇನ್ನೊಂದೈದು. ಕಲಿಸಲು ಉಳಿಯುವುದು 27-28 ನಿಮಿಷ. ಅಷ್ಟರಲ್ಲಿ ಖೋ ಕೊಡುವುದು, ಕಂಬ ಸುತ್ತುವುದು, ಡೈವ್ ಹಾಕುವುದು ಎಲ್ಲ ಇಟ್ಟರೆ ಒಂದನ್ನೂ ಅಳೆಯಲು ಆಗದು. ಕಲಿಕೆಯ ಮೂರು ವಲಯ ಕ್ರಿಯಾತ್ಮಕ, ಜ್ಞಾನಾತ್ಮಕ, ಸಾಮಾಜಿಕ; ಪ್ರತಿ ವಲಯಕ್ಕೆ ಒಂದೇ ಉದ್ದೇಶ ಸಾಕು. ಆ ಮೂರೂ ಆಟದ ಒಂದೇ ಘಳಿಗೆಯಿಂದ ಹುಟ್ಟಬೇಕು. ಚೇಸರ್ ಖೋ ಕೊಡುವ ಕ್ಷಣದಲ್ಲಿ ಕೈ ಏನು ಮಾಡಿತು ಎಂಬುದು ಕ್ರಿಯಾತ್ಮಕ ವಲಯಕ್ಕೆ ಸೇರಿದ್ದು. ಈಗ ಕೊಡಬೇಕೋ ಬೇಡವೋ, ಯಾರಿಗೆ ಎಂಬುದು ಜ್ಞಾನಾತ್ಮಕ ವಲಯದ್ದು. ತಪ್ಪಾದಾಗ ಪಕ್ಕದವರು ಹೇಗೆ ಹೇಳಿದರು, ಹೇಳಿಸಿಕೊಂಡವರು ಏನು ಮಾಡಿದರು ಎಂಬುದು ಸಾಮಾಜಿಕ ವಲಯದ್ದು. ಸಾಮಾಜಿಕ ಉದ್ದೇಶಕ್ಕೆಂದು ಬೇರೆ ಚಟುವಟಿಕೆ ಹುಡುಕಲು ಹೋದರೆ ಅದು ಕೊನೆಯ ಐದು ನಿಮಿಷಕ್ಕೆ ಬೀಳುತ್ತದೆ, ಬೆಲ್ ಹೊಡೆದರೆ ಹಾರಿಯೂ ಹೋಗುತ್ತದೆ.

ಒಂದು ಉದ್ದೇಶದಲ್ಲಿ ಮೂರು ಸಂಗತಿ ಇರಬೇಕು: ಮಗು ಮಾಡುವ, ಕಣ್ಣಿಗೆ ಕಾಣುವ ಕೆಲಸ, ಅದನ್ನು ಮಾಡುವ ಸನ್ನಿವೇಶ, ಎಷ್ಟಾದರೆ ಸಾಕು ಎಂಬ ಮಟ್ಟ. 1962ರಲ್ಲಿ ಅಮೆರಿಕದ ರಾಬರ್ಟ್ ಮೇಗರ್ ಹಾಕಿಕೊಟ್ಟ ಕ್ರಮ ಇದು. ಬಿ.ಪಿ.ಎಡ್.ನಲ್ಲಿ ಓದಿದವರಿಗೆ ನೆನಪಿರಬಹುದು. ಓದುವಾಗ ಸುಲಭ ಅನ್ನಿಸುತ್ತದೆ. ಪ್ರತಿ ಸಲ ಕೈಕೊಡುವುದು ಎರಡನೆಯದು ಮತ್ತು ಮೂರನೆಯದು.

ಕ್ರಿಯಾತ್ಮಕ ಉದ್ದೇಶ: ಔಟ್ ಎಣಿಸಬೇಡಿ

ಮೊದಲು ಎಲ್ಲರಿಗೂ ಹೊಳೆಯುವುದು "ಮೂರು ನಿಮಿಷದಲ್ಲಿ ಇಬ್ಬರು ರನ್ನರ್‌ಗಳನ್ನು ಔಟ್ ಮಾಡುವರು" ಎಂಬಂಥ ಸಾಲು. ಎಣಿಸಲು ಸುಲಭ, ನಿಜ. ಆದರೆ ಔಟ್ ಆಗುವುದು ಬಿಡುವುದು ಎದುರಿನ ರನ್ನರ್ ಎಷ್ಟು ಚುರುಕು ಎಂಬುದರ ಮೇಲೂ ನಿಂತಿದೆ. ನಿಧಾನದ ಹುಡುಗ ಎದುರು ಸಿಕ್ಕರೆ ಖೋ ಹೇಗೆ ಕೊಟ್ಟರೂ ಔಟ್ ಆಗುತ್ತದೆ. ನಾವು ಕಲಿಸಿದ್ದು ಖೋ ಕೊಡುವುದನ್ನು, ಹಾಗಾಗಿ ಅಳೆಯುವುದೂ ಅದನ್ನೇ.

ಸರಿಯಾದ ಖೋ ಅಂದರೆ ಏನೇನು ಕಾಣಬೇಕು? ಕೂತವರ ಬೆನ್ನ ಕಡೆಯಿಂದಲೇ ಕೊಡಬೇಕು. ಅಂಗೈ ಬೆನ್ನಿಗೆ ತಾಗಬೇಕು, ತಾಗುವಾಗಲೇ "ಖೋ" ಎಂಬ ಮಾತು ಗಟ್ಟಿಯಾಗಿ ಬರಬೇಕು. ಎದ್ದವರ ಚೌಕದಲ್ಲಿ ತಾನು ತಡಮಾಡದೆ ಕೂರಬೇಕು. ಇವು ಮೂರು ಗುರುತುಗಳು. ಮಕ್ಕಳಿಗೆ ಹೇಳಿಕೊಡುವಾಗ "ಬೆನ್ನು, ಮುಟ್ಟು-ಮಾತು, ಕೂರು" ಎಂದು ಚುಟುಕು ಮಾಡಿಕೊಂಡರೆ ಬಾಯಲ್ಲಿ ನಿಲ್ಲುತ್ತದೆ. ನಾಲ್ಕನೆಯ ಗುರುತು ಸೇರಿಸಲು ಆಸೆಯಾಗುತ್ತದೆ, ಸೇರಿಸಬೇಡಿ. ಓಡುವ ಮಗುವನ್ನು ನೋಡುತ್ತಾ ಇನ್ನೊಂದು ಮಗು ಮೂರಕ್ಕಿಂತ ಹೆಚ್ಚು ಗುರುತು ಹಿಡಿಯುವುದು ಕಷ್ಟ.

ಇನ್ನು ಸನ್ನಿವೇಶ. ಎಂಟೆಂಟು ಮಕ್ಕಳ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಸಣ್ಣ ಸಾಲು ಹಾಕಿ. ನಾಲ್ಕು ಚೌಕ, ಎರಡು ತುದಿಗೆ ಕಂಬದ ಬದಲು ಎರಡು ಕಲ್ಲು ಅಥವಾ ಚಪ್ಪಲಿ. ನಾಲ್ವರು ಕೂತಿರುತ್ತಾರೆ, ಒಬ್ಬರು ಚೇಸರ್, ಉಳಿದ ಮೂವರು ನೋಡುವವರು. ರನ್ನರ್ ಸದ್ಯಕ್ಕೆ ಬೇಡ. ಬಿರುಸು ನಡಿಗೆಯಲ್ಲಿ ಖೋ ಕೊಡುತ್ತಾ ಹೋಗಲಿ. ಮೂರು ನಿಮಿಷದ ಒಂದು ಸುತ್ತಿನಲ್ಲಿ ಮೂವತ್ತಕ್ಕೆ ಮೇಲೆ ಖೋ ಆಗುತ್ತವೆ, ಅಂದರೆ ಐವರಿಗೆ ತಲಾ ಐದಾರು ಸಿಕ್ಕೇ ಸಿಗುತ್ತವೆ. ನೋಡುವ ಮೂವರೂ ಒಬ್ಬೊಬ್ಬರನ್ನು ಹಿಡಿದುಕೊಂಡು ಅವರ ಮೊದಲ ಐದು ಖೋ ಮಾತ್ರ ನೋಡುತ್ತಾರೆ. ಹೀಗೆ ಮೂರು ಸುತ್ತಾದರೆ ಎಂಟೂ ಮಕ್ಕಳದ್ದು ಮುಗಿಯುತ್ತದೆ.

ಮಟ್ಟ ಎಲ್ಲಿಂದ ಬರಬೇಕು? "ಶೇ. 80" ಎಂದು ಬರೆಯುವ ಅಭ್ಯಾಸ ಎಲ್ಲರಲ್ಲೂ ಇದೆ. ಆ 80 ಯಾಕೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಮಟ್ಟವನ್ನು ಮಕ್ಕಳಿಂದಲೇ ತೆಗೆದುಕೊಳ್ಳಬೇಕು. ಹಿಂದಿನ ಪಾಠದ ಕೊನೆಯಲ್ಲಿ ಎಂಟು ಮಕ್ಕಳಿಗೆ ಐದೈದು ಖೋ ಕೊಡಿಸಿ ನೋಡಿ. ಹೆಚ್ಚಿನವರದ್ದು ಐದರಲ್ಲಿ ಎರಡು ಸರಿ ಬಂದರೆ, ಒಂದು ಪಾಠದ ಅಭ್ಯಾಸದಲ್ಲಿ ನಾಲ್ಕಕ್ಕೆ ಏರಬಹುದು ಎನ್ನುವುದು ನ್ಯಾಯವಾದ ಅಂದಾಜು. ಆಗಲೇ ನಾಲ್ಕು ಬರುತ್ತಿದ್ದರೆ ಈ ಉದ್ದೇಶವೇ ಬೇಕಿಲ್ಲ, ಮುಂದಿನದಕ್ಕೆ ಹೋಗಬೇಕು. ಐದಕ್ಕೆ ಐದು ಕೇಳುವುದೂ ಬೇಡ, ಒಂದು ಜಾರಿಕೆ ಯಾರಿಗೂ ಇರುತ್ತದೆ. ಒಂದೋ ಎರಡೋ ಖೋ ನೋಡಿ ಬಂತು ಎಂದು ಬರೆಯುವುದಂತೂ ಸಲ್ಲದು, ಅಷ್ಟು ಅದೃಷ್ಟದಿಂದಲೂ ಬರುತ್ತದೆ.

ಈಗ ಸಾಲು ಹೀಗಾಗುತ್ತದೆ:

*ನಾಲ್ಕು ಚೌಕದ ಸಾಲಿನಲ್ಲಿ, ರನ್ನರ್ ಇಲ್ಲದೆ, ಬಿರುಸು ನಡಿಗೆಯಲ್ಲಿ ವಿದ್ಯಾರ್ಥಿಯು ಕೊಡುವ ಮೊದಲ 5 ಖೋಗಳಲ್ಲಿ ಕನಿಷ್ಠ 4ರಲ್ಲಿ ಮೂರೂ ಗುರುತುಗಳು (ಬೆನ್ನು, ಮುಟ್ಟು-ಮಾತು, ಕೂರು) ಕಾಣುತ್ತವೆ.*

ಮೂರರಲ್ಲಿ ಒಂದು ಗುರುತು ತಪ್ಪಿದರೂ ಆ ಖೋ ಲೆಕ್ಕಕ್ಕಿಲ್ಲ. ಅರ್ಧ ಅಂಕ ಕೊಡಲು ಹೊರಟರೆ ನೋಡುವ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಅವರ ಕೈಗೆ ಐದೈದು ಹುಣಸೆ ಬೀಜ ಕೊಡಿ. ಸರಿಯಾದ ಪ್ರತಿ ಖೋಗೆ ಒಂದು ಬೀಜ ಎಡಗೈಯಿಂದ ಬಲಗೈಗೆ ಹೋಗಲಿ. ಪೆನ್ನು ಹಾಳೆ ಕೊಟ್ಟರೆ ಮಗು ಹಾಳೆ ನೋಡುತ್ತದೆ, ಖೋ ತಪ್ಪಿಹೋಗುತ್ತದೆ.

ಮಕ್ಕಳ ಎಣಿಕೆಯನ್ನು ನಂಬಬಹುದೇ? ಪರೀಕ್ಷಿಸಿ ನೋಡಬೇಕು. ಪ್ರತಿ ಸುತ್ತಿನಲ್ಲಿ ಒಂದು ಗುಂಪಿನ ಪಕ್ಕ ನಿಂತು ಅದೇ ಮಗುವಿನ ಅದೇ ಐದು ಖೋಗಳನ್ನು ನೀವೂ ಮನಸ್ಸಿನಲ್ಲಿ ಎಣಿಸಿ. ನಿಮ್ಮ ಲೆಕ್ಕಕ್ಕೂ ಮಗುವಿನ ಲೆಕ್ಕಕ್ಕೂ ಒಂದರ ವ್ಯತ್ಯಾಸ ಇದ್ದರೆ ನಡೆಯುತ್ತದೆ. ಎರಡು, ಮೂರು ಬಂದರೆ ಬಹುಮಟ್ಟಿಗೆ ದೋಷ ಗುರುತಿನಲ್ಲಿರುತ್ತದೆ. "ತಡಮಾಡದೆ ಕೂರು" ಎಂಬುದೇ ಹಾಗೆ ಕೈಕೊಡುವ ಗುರುತು. ತಡ ಅಂದರೆ ಎಷ್ಟು? "ಎದ್ದವನು ಎರಡು ಹೆಜ್ಜೆ ಇಡುವುದರೊಳಗೆ" ಎಂದು ಬದಲಿಸಿ ನೋಡಿ, ಜಗಳ ನಿಲ್ಲುತ್ತದೆ.

ಮಳೆಗಾಲಕ್ಕೆ ಸನ್ನಿವೇಶ ಬೇರೆ

ಇದು ನಮ್ಮ ಕಡೆಯ ವಿಶೇಷ ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಟದ ಕೂಟಗಳೂ ಅದೇ ಹೊತ್ತಿಗೆ. ಮೈದಾನದ ಕೆಂಪು ಮಣ್ಣು ಜಾರುತ್ತದೆ, ಪಾಠ ಜಗಲಿಗೆ ಬರುತ್ತದೆ. ಮೈದಾನಕ್ಕೆಂದು ಬರೆದ ಉದ್ದೇಶವನ್ನು ಹಾಗೇ ಜಗಲಿಗೆ ತಂದರೆ ಅಳತೆ ಕೆಡುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೂರು ಮಾರು ದೂರದಲ್ಲಿ ನಿಂತವರಿಗೆ "ಖೋ" ಕೇಳಿಸುವುದೇ ಇಲ್ಲ. ಮಗು ಸರಿಯಾಗಿ ಕೂಗಿದ್ದರೂ ನೋಡುವವರು ಬೀಜ ದಾಟಿಸುವುದಿಲ್ಲ. ಹಾಗಿರುವಾಗ "ಗಟ್ಟಿಯಾಗಿ" ಎಂಬುದನ್ನು ಬಿಟ್ಟು "ಮುಟ್ಟಿದ ಮೇಲೆಯೇ ಕೂತವರು ಎದ್ದರು" ಎಂದು ಬರೆದುಕೊಳ್ಳಿ. ಅದು ಕಣ್ಣಿಗೆ ಕಾಣುತ್ತದೆ. ಜಗಲಿ ಕಿರಿದು, ಹಾಗಾಗಿ ನಾಲ್ಕು ಸಾಲಿನ ಬದಲು ಒಂದು ಅಥವಾ ಎರಡು ಸಾಲು, ಮಾಮೂಲಿ ನಡಿಗೆ. ಉಳಿದ ಮಕ್ಕಳು ತರಗತಿಯಲ್ಲಿ ಕೂತು ಮುಂದೆ ಹೇಳುವ ಚಿತ್ರಗಳ ಕೆಲಸ ಮಾಡಲಿ.

ಕಾಲಿಗೆ ತೊಂದರೆ ಇರುವ ಮಗುವಿಗೂ ಇದೇ ದಾರಿ. ಸನ್ನಿವೇಶ ಬದಲಿಸಿ: ಚೌಕಗಳ ಅಂತರ ಕಡಿಮೆ ಮಾಡಿ, ಮಗುವಿನ ನಡಿಗೆಗೆ ತಕ್ಕ ವೇಗ ಇಡಿ, ನೆಲದ ಬದಲು ಸ್ಟೂಲಿನ ಮೇಲೆ ಕೂರಿಸಿ. ಗುರುತು ಮೂರೂ ಹಾಗೇ ಇರಲಿ.

ಜ್ಞಾನಾತ್ಮಕ ಉದ್ದೇಶ: ಬಾಯಿಪಾಠ ಕೇಳಬೇಡಿ

"ಖೋ-ಖೋ ನಿಯಮಗಳನ್ನು ಅರ್ಥಮಾಡಿಕೊಳ್ಳುವರು." ಅರ್ಥವಾದದ್ದು ಹೊರಗೆ ಕಾಣುವುದಿಲ್ಲ. ಹಾಗೆಂದು "ಐದು ನಿಯಮ ಹೇಳುವರು" ಎಂದು ಬದಲಿಸಿದರೆ ಕಾಣುತ್ತದೇನೋ ಹೌದು, ಆದರೆ ಅದು ನೆನಪಿನ ಪರೀಕ್ಷೆ. ನಿಯಮ ಗಿಳಿಪಾಠ ಒಪ್ಪಿಸಿದ ಹುಡುಗಿಯೇ ಆಟದಲ್ಲಿ ತನಗೆ ಮುಖ ಮಾಡಿ ಕೂತವಳಿಗೆ ಖೋ ಕೊಟ್ಟು ಫೌಲ್ ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಆಟಕ್ಕೆ ಬೇಕಾದ ಯೋಚನೆ ಬೇರೆ: ಈಗ ಕೊಡಬೇಕೇ, ಕೊಡುವುದಾದರೆ ಯಾರಿಗೆ?

ನಿಯಮ ಸ್ವಲ್ಪ ಬಿಡಿಸಿಕೊಳ್ಳೋಣ, ಯಾಕೆಂದರೆ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಕೂತವರು ಒಬ್ಬರು ಒಂದು ಕಡೆಗೆ, ಪಕ್ಕದವರು ಇನ್ನೊಂದು ಕಡೆಗೆ ಮುಖ ಮಾಡಿರುತ್ತಾರೆ. ಚೇಸರ್ ಮಧ್ಯದ ಪಟ್ಟಿ ದಾಟುವಂತಿಲ್ಲ. ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ರನ್ನರ್‌ಗೆ ಈ ಕಟ್ಟುಪಾಡು ಇಲ್ಲ. ಖೋ ಬೆನ್ನ ಕಡೆಯಿಂದಲೇ ಕೊಡಬೇಕಾದ್ದರಿಂದ ಎದ್ದವರು ಯಾವಾಗಲೂ ಆಚೆ ಕಡೆಗೆ ಏಳುತ್ತಾರೆ. ಅಂದರೆ ಪ್ರತಿ ಖೋಗೂ ದಾಳಿ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಇಷ್ಟು ಹಿಡಿತಕ್ಕೆ ಸಿಕ್ಕ ಮಗು ರನ್ನರ್ ಎಲ್ಲಿದ್ದಾನೆ ಎಂದು ನೋಡಿ ತೀರ್ಮಾನ ಮಾಡುತ್ತದೆ.

ಬೋರ್ಡಿನ ಮೇಲೆ ಅಥವಾ ನೆಲದಲ್ಲಿ ಕಡ್ಡಿಯಿಂದ ಮೂರು ಚಿತ್ರ ಬರೆಯಿರಿ. ಸಾಲಿನ ಒಂದು ಮಗ್ಗುಲು ಗುಡ್ಡದ ಕಡೆ, ಇನ್ನೊಂದು ರಸ್ತೆ ಕಡೆ. ಕೂತವರಿಗೆ 1ರಿಂದ 4ರವರೆಗೆ ನಂಬರ್. 1 ಮತ್ತು 3 ಗುಡ್ಡಕ್ಕೆ ಮುಖ, 2 ಮತ್ತು 4 ರಸ್ತೆಗೆ ಮುಖ. ಮೂರೂ ಚಿತ್ರದಲ್ಲಿ ಚೇಸರ್ ರಸ್ತೆ ಕಡೆ ಇದ್ದಾಳೆ. 1ನ್ನು ದಾಟಿ, 2 ಇನ್ನೂ ಮುಂದಿರುವಾಗ, 4ರ ದಿಕ್ಕಿಗೆ ಓಡುತ್ತಿದ್ದಾಳೆ.

ಒಂದನೇ ಚಿತ್ರದಲ್ಲಿ ರನ್ನರ್ ರಸ್ತೆ ಕಡೆಯಲ್ಲೇ, ಅವಳ ಮುಂದೆ ಎರಡು ಹೆಜ್ಜೆ ದೂರದಲ್ಲಿದ್ದಾನೆ. ಉತ್ತರ: ಖೋ ಬೇಡ, ಓಡಿ ಮುಟ್ಟು. ಎರಡನೇ ಚಿತ್ರದಲ್ಲಿ ಅವನು ಸಾಲಿನ ನಡುವೆ ನುಸುಳಿ ಗುಡ್ಡದ ಕಡೆ, 3ರ ಹತ್ತಿರ ಹೋಗಿದ್ದಾನೆ. ಉತ್ತರ: 3ಕ್ಕೆ ಖೋ, ಅವಳ ಬೆನ್ನು ನನ್ನ ಕಡೆ ಇದೆ, ಎದ್ದರೆ ಗುಡ್ಡದ ಕಡೆಗೇ ಏಳುತ್ತಾಳೆ. ಮೂರನೇ ಚಿತ್ರದಲ್ಲಿ ರನ್ನರ್ ತಪ್ಪಿಸಿಕೊಂಡು ಅವಳ ಹಿಂದೆ, ರಸ್ತೆ ಕಡೆಯಲ್ಲೇ 1ರ ಹತ್ತಿರ ನಿಂತಿದ್ದಾನೆ. ಮಕ್ಕಳ ಬೇರೆ ಬೇರೆ ಮಟ್ಟ ಗೊತ್ತಾಗುವುದು ಈ ಚಿತ್ರದಲ್ಲೇ. ಅರ್ಥವಾಗದ ಮಗು "ತಿರುಗಿ ಮುಟ್ಟು" ಅನ್ನುತ್ತದೆ, ಇಲ್ಲವೇ 2ಕ್ಕೆ ಕೊಡು ಅನ್ನುತ್ತದೆ. ತಿರುಗುವಂತಿಲ್ಲ, 2ರ ಮುಖ ಇತ್ತಲೇ ಇದೆ. ಮುಂದೆ ಹೋಗಿ 3ಕ್ಕೆ ಕೊಡಬಹುದು. 3 ಎದ್ದು ಹಿಂದಿನ ದಿಕ್ಕು ಹಿಡಿದು 2ಕ್ಕೆ ಕೊಟ್ಟರೆ ಆಟ ಮತ್ತೆ ರಸ್ತೆ ಕಡೆಗೆ ಬರುತ್ತದೆ. ಕಂಬದವರೆಗೆ ಹೋಗಿ ತಿರುಗುತ್ತೇನೆ ಎಂದರೂ ತಪ್ಪಲ್ಲ, ನಿಧಾನ ಅಷ್ಟೆ. ಕಾರಣ ಸರಿ ಇದ್ದರೆ ಎರಡನ್ನೂ ಒಪ್ಪಿಕೊಳ್ಳಿ.

*ಮೂರು ಚಿತ್ರಗಳನ್ನು ನೋಡಿ ವಿದ್ಯಾರ್ಥಿಯು ಖೋ ಕೊಡಬೇಕೇ ಬೇಡವೇ, ಯಾರಿಗೆ ಎಂದು ಬರೆದು ಒಂದು ನಿಯಮವನ್ನು ಕಾರಣವಾಗಿ ಕೊಡುತ್ತಾನೆ/ಳೆ; 3ರಲ್ಲಿ ಕನಿಷ್ಠ 2 ಉತ್ತರ ಕಾರಣಸಹಿತ ಸರಿ ಇರಬೇಕು.*

ಕಾರಣ ಯಾಕೆ ಬೇಕೆಂದರೆ, "ಕೊಡು" ಅಥವಾ "ಬೇಡ" ಎಂದಷ್ಟೇ ಕೇಳಿದರೆ ಕಣ್ಣುಮುಚ್ಚಿ ಹೇಳಿದವನದ್ದೂ ಅರ್ಧ ಸರಿ ಹೋಗುತ್ತದೆ. ಕಾರಣ ಒಂದೇ ಸಾಲು ಸಾಕು. ಬರವಣಿಗೆ ನಿಧಾನ ಇರುವ ಮಕ್ಕಳನ್ನು ಹತ್ತಿರ ಕರೆದು "ಎಂತಕ್ಕೆ ಅವಳಿಗೇ ಕೊಡಬೇಕು?" ಎಂದು ಬಾಯಲ್ಲೇ ಕೇಳಿ. "ಅವ್ಳ್ ಬೆನ್ನು ಇತ್ಲಾಗೆ ಇದೆ ಸರ್" ಅಂದರೆ ಪೂರ್ತಿ ಅಂಕ. ಭಾಷೆಯ ಪರೀಕ್ಷೆ ನಮ್ಮದಲ್ಲ. ಎಲ್ಲ ಸೇರಿ ಆರು ನಿಮಿಷದ ಕೆಲಸ.

ಚಿತ್ರದಲ್ಲಿ ಸರಿ ಹೇಳಿದ ಮಗು ಓಟದ ಬಿಸಿಯಲ್ಲೂ ಹಾಗೇ ಮಾಡುತ್ತದೆ ಎಂದು ಈ ಉದ್ದೇಶ ಹೇಳುವುದಿಲ್ಲ. ಅದು ಇನ್ನೊಂದು ಪಾಠದ ಇನ್ನೊಂದು ಉದ್ದೇಶ.

ಸಾಮಾಜಿಕ ಉದ್ದೇಶ: ಒಳ್ಳೆಯದೇ ಆದರೂ ಎಲ್ಲವೂ ಹೊಂದುವುದಿಲ್ಲ

ಖೋ-ಖೋದಲ್ಲಿ ಸಹಕಾರ ಅಂದ ಕೂಡಲೇ ಬರೆಯಬೇಕೆನ್ನಿಸುವುದು "ಸಾಲಿನಲ್ಲಿರುವ ಎಲ್ಲರಿಗೂ ಕನಿಷ್ಠ ಎರಡು ಬಾರಿ ಖೋ ಸಿಗುವಂತೆ ಆಡುವರು" ಎಂದು. ಚುರುಕಿಲ್ಲದವರಿಗೆ ಖೋ ಸಿಗದೆ ಪಿರಿಯಡ್ ಪೂರ್ತಿ ಕೂತೇ ಇರುವುದು ನಿಜ. ಹಾಗಾಗಿ ಕಾಳಜಿ ಸರಿಯಾದದ್ದೇ, ಎಣಿಸಲೂ ಬರುತ್ತದೆ. ಆದರೂ ಇಲ್ಲಿ ಎರಡು ಎಡವಟ್ಟು ಇವೆ. ಮೊದಲನೆಯದು, ಇದು ಗುಂಪಿನ ಅಳತೆ. ಗುಂಪಿನ ಎಲ್ಲರಿಗೂ ಖೋ ಸಿಕ್ಕಿತು ಎಂಬುದರಿಂದ ಯಾವ ಮಗು ಹಂಚಿತು, ಯಾವುದು ಹಂಚಲಿಲ್ಲ ಎಂದು ತಿಳಿಯದು. ದಾಖಲೆಯಲ್ಲಿ ಮಾತ್ರ ಎಂಟೂ ಮಕ್ಕಳ ಹೆಸರಿನ ಮುಂದೆ ಸರಿ ಗುರುತು ಬೀಳುತ್ತದೆ. ಎರಡನೆಯದು ಇನ್ನೂ ಗಂಭೀರ: ಇದು ನಮ್ಮದೇ ಜ್ಞಾನಾತ್ಮಕ ಉದ್ದೇಶಕ್ಕೆ ಅಡ್ಡ ಬರುತ್ತದೆ. ರನ್ನರ್ ಎಲ್ಲಿದ್ದಾನೆ ನೋಡಿ ಖೋ ಕೊಡು ಎಂದು ಒಂದು ಕಡೆ ಕಲಿಸಿ, ಎಲ್ಲರಿಗೂ ಸಮನಾಗಿ ಕೊಡು ಎಂದು ಇನ್ನೊಂದು ಕಡೆ ಕೇಳಿದರೆ ಮಗು ಒಂದನ್ನು ಬಿಡಲೇಬೇಕು. ಮೂರು ಉದ್ದೇಶ ಬರೆದಾದ ಮೇಲೆ ಅಕ್ಕಪಕ್ಕ ಇಟ್ಟು, ಒಂದನ್ನು ಸಾಧಿಸಲು ಇನ್ನೊಂದನ್ನು ಕೆಡಿಸಬೇಕೇ ಎಂದು ನೋಡುವುದು ಇದಕ್ಕಾಗಿಯೇ. ಖೋ ಸಿಗದವರ ಸಮಸ್ಯೆಗೆ ನಾಲ್ಕು ಚೌಕದ ಸಣ್ಣ ಸಾಲೇ ಮದ್ದು.

ಈ ಪಾಠಕ್ಕೆ ಹೊಂದುವುದು ನೋಡುವವರ ಕೆಲಸ. ಡಾನ್ ಹೆಲ್ಲಿಸನ್ ಎಂಬ ಅಮೆರಿಕದ ದೈಹಿಕ ಶಿಕ್ಷಣ ತಜ್ಞರು ಹೊಣೆಗಾರಿಕೆಯನ್ನು ಮೆಟ್ಟಿಲುಗಳಾಗಿ ಇಟ್ಟಿದ್ದಾರೆ. ಇತರರನ್ನು ಗೌರವಿಸುವುದು, ಶ್ರಮ ಹಾಕುವುದು, ತನ್ನನ್ನು ತಾನೇ ನಡೆಸಿಕೊಳ್ಳುವುದು, ಇತರರಿಗೆ ನೆರವಾಗುವುದು, ಕಡೆಗೆ ಇದನ್ನೆಲ್ಲ ಮೈದಾನದ ಹೊರಗೂ ಒಯ್ಯುವುದು. ಜೊತೆಗಾರರ ಖೋ ನೋಡಿ ತಿದ್ದುವುದು ನಾಲ್ಕನೇ ಮೆಟ್ಟಿಲಿನ ಕೆಲಸ. "ನೆರವಾಗುವರು" ಎಂದು ಬರೆದರೆ ಮತ್ತೆ ಹಳೇ ಕಥೆ. ಏನು ಕೇಳಿಸಬೇಕು ಎಂದು ಬರೆಯಿರಿ:

*ಸುತ್ತು ಮುಗಿದ ಮೇಲೆ ನೋಡುತ್ತಿದ್ದ ವಿದ್ಯಾರ್ಥಿಯು ತನ್ನ ಜೊತೆಗಾರರಿಗೆ ಮೂರು ಗುರುತುಗಳಲ್ಲಿ ಸರಿ ಬಂದ ಒಂದನ್ನೂ ತಿದ್ದಬೇಕಾದ ಒಂದನ್ನೂ (ಇದ್ದರೆ) ಹೆಸರಿಸಿ, ಹಂಗಿಸದೆ ಹೇಳುತ್ತಾನೆ/ಳೆ. ಕೇಳಿದವರು ವಾದಕ್ಕಿಳಿಯದೆ ಆ ಗುರುತನ್ನು ಒಮ್ಮೆ ಮಾಡಿ ತೋರಿಸುತ್ತಾರೆ.*

"ಏಯ್, ನಿಂಗೆ ಖೋ ಕೊಡಕ್ಕೇ ಬರಲ್ಲ ಮಾರಾಯ" ಎಂಬುದು ಲೆಕ್ಕಕ್ಕಿಲ್ಲ. "ಸೂಪರ್ ಕಣೇ" ಎಂಬುದೂ ಇಲ್ಲ, ಅದರಲ್ಲಿ ಗುರುತಿನ ಹೆಸರೇ ಇಲ್ಲ. "ಬೆನ್ನಿಂದ್ಲೇ ಕೊಟ್ಟೆ, ಆದ್ರೆ ಮುಟ್ಟೋಕ್ ಮುಂಚೆನೇ ಕೂಗ್ದೆ" ಎಂಬುದು ಸರಿ. ಈ ಮೂರು ಮಾತನ್ನೂ ಮೊದಲೇ ಮಕ್ಕಳ ಮುಂದೆ ಆಡಿ ತೋರಿಸಿ, ಯಾವುದು ನಡೆಯುತ್ತದೆ ಎಂದು ಅವರಿಂದಲೇ ಹೇಳಿಸಿ. ಮೇಷ್ಟ್ರು ಹತ್ತಿರ ಬಂದಾಗ ಮಾತ್ರ ನಯವಾಗಿ ಮಾತಾಡುವ ಚಾಲಾಕಿಗಳು ಇದ್ದೇ ಇರುತ್ತಾರೆ. ಸ್ವಲ್ಪ ದೂರದಲ್ಲಿ, ಬೇರೆ ಗುಂಪಿಗೆ ಮುಖ ಮಾಡಿ ನಿಂತು ಕಿವಿ ಇತ್ತ ಇಡುವುದೇ ಉಪಾಯ.

ಬರೆದಿಟ್ಟುಕೊಳ್ಳುವುದು

32 ಮಕ್ಕಳು, ಮೂರು ಉದ್ದೇಶ, ಒಟ್ಟು 96 ಗುರುತು. ಒಂದು ಪಿರಿಯಡ್‌ನಲ್ಲಿ ಅಷ್ಟೂ ತುಂಬಿದ ಹಾಳೆ ಕಂಡರೆ ಅದು ಸ್ಟಾಫ್ ರೂಮಿನಲ್ಲಿ ತುಂಬಿದ್ದು ಎಂದೇ ತಿಳಿಯಬೇಕು. ಕ್ರಿಯಾತ್ಮಕ ಉದ್ದೇಶಕ್ಕೆ ಮಕ್ಕಳ ಬೀಜದ ಲೆಕ್ಕ ಇದೆ. ಸುತ್ತು ಮುಗಿದಾಗ ನಾಲ್ಕು ಮುಟ್ಟದವರು ಕೈ ಎತ್ತಲಿ, ಅವರ ಹೆಸರಿನ ಮುಂದೆ ಮಾತ್ರ ತಪ್ಪಿದ ಗುರುತಿನ ಮೊದಲ ಅಕ್ಷರ ಬರೆದುಕೊಳ್ಳಿ: ಬೆ, ಮು, ಕೂ. ಜ್ಞಾನಾತ್ಮಕದ್ದು ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ, ಸಂಜೆ ನೋಡಬಹುದು. ಸಾಮಾಜಿಕ ಉದ್ದೇಶಕ್ಕೆ ಒಂದು ಪಾಠದಲ್ಲಿ ಎಂಟು ಮಕ್ಕಳನ್ನು ಮಾತ್ರ ಕೇಳಿಸಿಕೊಳ್ಳಿ, ಮುಂದಿನ ಪಾಠಕ್ಕೆ ಬೇರೆ ಎಂಟು. ನಾಲ್ಕು ಪಾಠದಲ್ಲಿ ಎಲ್ಲರದ್ದೂ ಆಗುತ್ತದೆ.

ಹಾಳೆ ಹೀಗೆ ಬಂತು ಅನ್ನಿ: 21 ಮಕ್ಕಳು ನಾಲ್ಕು ಮುಟ್ಟಿದ್ದಾರೆ, 11 ಮಕ್ಕಳು ಮುಟ್ಟಿಲ್ಲ. ಆ 11ರಲ್ಲಿ 8 ಜನರ ಮುಂದೆ "ಮು" ಇದೆ. ಅಂದರೆ ಬಿರುಸು ನಡಿಗೆಯ ಗಡಿಬಿಡಿಯಲ್ಲಿ ಕೈ ತಾಗುವ ಮುಂಚೆಯೇ ಕೂಗುತ್ತಿದ್ದಾರೆ. ಈ ಎಂಟು ಜನರಿಗೆ ಮುಂದಿನ ಪಾಠದ ಮೊದಲ ಐದು ನಿಮಿಷ ನಿಂತಲ್ಲೇ ಖೋ ಕೊಡಿಸಿ. ಕೂತವರು ಅಂಗೈ ತಾಗಿದ್ದು ಗೊತ್ತಾಗದೆ ಏಳಬಾರದು ಎಂಬ ಒಂದೇ ಕಟ್ಟಳೆ ಸಾಕು. ಉಳಿದ ಮೂವರಿಗೆ "ಬೆ" ಇದ್ದರೆ ಅದು ಕೈಯ ತೊಂದರೆ ಅಲ್ಲದೆಯೂ ಇರಬಹುದು. ಅವರ ನೋಟ್‌ಬುಕ್ ತೆಗೆದು ಚಿತ್ರದ ಉತ್ತರ ನೋಡಿ. ಅಲ್ಲೂ ತನ್ನ ಕಡೆಗೆ ಮುಖ ಮಾಡಿದ 2ಕ್ಕೆ ಖೋ ಎಂದು ಬರೆದಿದ್ದರೆ ಅವರಿಗೆ ಬೇಕಾದದ್ದು ಅಭ್ಯಾಸ ಅಲ್ಲ, ನಿಯಮದ ವಿವರಣೆ.

21 ಮಂದಿಗೆ ಮುಂದಿನ ಉದ್ದೇಶ ಬರೆಯುವಾಗ ಸನ್ನಿವೇಶದಲ್ಲಿ ಒಂದೇ ಒಂದನ್ನು ಬದಲಿಸಿ. "ರನ್ನರ್ ಇಲ್ಲದೆ" ಎಂಬುದು "ನಡೆಯುವ ಒಬ್ಬ ರನ್ನರ್ ಇರುವಾಗ" ಎಂದಾಗಲಿ, 5ರಲ್ಲಿ 4 ಎಂಬುದು ಹಾಗೇ ಇರಲಿ. ರನ್ನರ್‌ನನ್ನೂ ತಂದು, ಓಟವನ್ನೂ ತಂದು, ಮಟ್ಟವನ್ನೂ ಏರಿಸಿದರೆ, ಎಣಿಕೆ ಎರಡಕ್ಕೆ ಇಳಿದಾಗ ಯಾವುದರಿಂದ ಇಳಿಯಿತು ಎಂದು ಹೇಳಲು ಬರುವುದಿಲ್ಲ.